ಬೆಣ್ಣೆ ಕೇಕ್: ಕ್ರೀಮಿಂಗ್ ಮಾಡಬೇಕಾ, ಎಲ್ಲಾ ಒಟ್ಟಿಗೆ ಹಾಕಿದರೆ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೇಕ್ ಮಾಡುವವರು ನನ್ನನ್ನು ಅತಿ ಹೆಚ್ಚು ಕೇಳುವುದು ಇದನ್ನೇ. ಅವೇ ಸಾಮಾನು, ಅದೇ ತೂಕ. ಒಬ್ಬರು ಬೆಣ್ಣೆ-ಸಕ್ಕರೆಯನ್ನು ಹತ್ತು ನಿಮಿಷ ಬೀಟ್ ಮಾಡಿ ಅಂತಾರೆ, ಇನ್ನೊಬ್ಬರು ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದು ಎರಡು ನಿಮಿಷದಲ್ಲಿ ಮುಗಿಸಿ ಅಂತಾರೆ. ಎರಡರಲ್ಲೂ ಕೇಕ್ ಆಗುತ್ತೆ. ಆದರೆ ಕತ್ತರಿಸಿ ನೋಡಿದರೆ ಎರಡೂ ಒಂದೇ ಅಲ್ಲ.

ಮೊದಲು ಹೇಳಿ, ಈ ಎರಡು ವಿಧಾನಗಳಲ್ಲಿ ಏನು ವ್ಯತ್ಯಾಸ?

ಕ್ರೀಮಿಂಗ್‌ನಲ್ಲಿ ಮೊದಲು ಬೆಣ್ಣೆ ಮತ್ತು ಸಕ್ಕರೆ ಮಾತ್ರ. ಅದು ಬಿಳಿಚಿಕೊಂಡು ಉಬ್ಬುವವರೆಗೂ ಬೀಟ್ ಮಾಡಬೇಕು. ಆಮೇಲೆ ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಕೊನೆಗೆ ಜರಡಿ ಹಿಡಿದ ಮೈದಾ ಹಾಕಿ, ಬೀಟ್ ಮಾಡದೆ, ಚಮಚದಲ್ಲಿ ಕೆಳಗಿನಿಂದ ಮೇಲಕ್ಕೆ ಮಗುಚಿ ಬೆರೆಸಬೇಕು.

ಆಲ್-ಇನ್-ಒನ್ ಅಂದರೆ ಹೆಸರೇ ಹೇಳುವ ಹಾಗೆ. ತುಂಬಾ ಮೆತ್ತಗಿರುವ ಬೆಣ್ಣೆ, ಸಕ್ಕರೆ ಪುಡಿ, ಮೊಟ್ಟೆ, ಮೈದಾ, ಬೇಕಿಂಗ್ ಪೌಡರ್ ಎಲ್ಲವೂ ಒಟ್ಟಿಗೆ. ಒಂದೂವರೆ ಎರಡು ನಿಮಿಷ ಬೀಟ್ ಮಾಡಿ ಟಿನ್‌ಗೆ ಸುರಿಯುವುದು.

ಇಷ್ಟೇ ಆದರೆ ಇದು ಬರೀ ಸಮಯದ ಪ್ರಶ್ನೆ ಅನಿಸಬಹುದು. ಅಸಲಿ ವಿಷಯ ಇರುವುದು ಗಾಳಿಯಲ್ಲಿ. ಯಾವ ಹಂತದಲ್ಲಿ, ಯಾವುದರೊಳಗೆ, ಎಷ್ಟು ಗಾಳಿ ಸೇರುತ್ತೆ ಅನ್ನುವುದರ ಮೇಲೆ ಕೇಕಿನ ಒಳಮೈ ನಿಂತಿದೆ.

ಗಾಳಿ ಸೇರಿಸೋಕೆ ಬೇಕಿಂಗ್ ಪೌಡರ್ ಇದೆ ಅಲ್ವಾ? ಮತ್ತೆ ಕೈ ನೋಯಿಸಿಕೊಂಡು ಬೀಟ್ ಮಾಡೋದ್ಯಾಕೆ?

ಬೇಕಿಂಗ್ ಪೌಡರ್ ಗ್ಯಾಸ್ ಬಿಡುತ್ತೆ, ನಿಜ. ಆದರೆ ಅದು ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ. ಹಿಟ್ಟಿನಲ್ಲಿ ಆಗಲೇ ಇರುವ ಸಣ್ಣ ಸಣ್ಣ ಗಾಳಿಗುಳ್ಳೆಗಳೊಳಗೆ ಹೋಗಿ ಅವನ್ನು ಊದಿಸುತ್ತೆ. ಓವನ್‌ನಲ್ಲಿ ನೀರು ಆವಿಯಾದಾಗಲೂ ಅಷ್ಟೇ, ಆ ಆವಿ ಸೇರುವುದು ಇದೇ ಗುಳ್ಳೆಗಳಿಗೆ. ಆದ್ದರಿಂದ ಬೀಟ್ ಮಾಡುವಾಗ ಎಷ್ಟು ಗುಳ್ಳೆ ಮಾಡಿಟ್ಟಿರೋ ಅಷ್ಟೇ ನಿಮ್ಮ ಬಂಡವಾಳ. ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆಗಳಿದ್ದರೆ ಗ್ಯಾಸ್ ಹಂಚಿಹೋಗಿ ಒಳಮೈ ಹಗುರವಾಗುತ್ತೆ. ಕೆಲವೇ ದೊಡ್ಡ ಗುಳ್ಳೆಗಳಿದ್ದರೆ ಗ್ಯಾಸೆಲ್ಲ ಅವಕ್ಕೇ ಹೋಗುತ್ತೆ. ಆಗ ಅಲ್ಲಲ್ಲಿ ದೊಡ್ಡ ತೂತು, ಮಿಕ್ಕ ಕಡೆ ಒತ್ತು.

ಆಲ್‌ಫ್ರೆಡ್ ಬರ್ಡ್ ಇಂಗ್ಲೆಂಡಿನಲ್ಲಿ ಬೇಕಿಂಗ್ ಪೌಡರ್ ಮಾಡಿದ್ದು 1843ರಲ್ಲಿ. ಅದಕ್ಕೂ ಮುಂಚಿನ ಪೌಂಡ್ ಕೇಕ್, ಅಂದರೆ ಬೆಣ್ಣೆ, ಸಕ್ಕರೆ, ಮೊಟ್ಟೆ, ಹಿಟ್ಟು ಒಂದೊಂದು ಪೌಂಡ್ ಹಾಕುವ ಕೇಕ್, ಉಬ್ಬುತ್ತಿದ್ದುದು ಕೈಯಲ್ಲಿ ಬೀಟ್ ಮಾಡಿ ತುಂಬಿದ ಗಾಳಿಯಿಂದ. ಕ್ರೀಮಿಂಗ್ ಆ ಕಾಲದಿಂದ ಬಂದ ಅಭ್ಯಾಸ. ಆಲ್-ಇನ್-ಒನ್ ಬೇಕಿಂಗ್ ಪೌಡರ್ ಇಲ್ಲದೆ ನಡೆಯುವುದಿಲ್ಲ. ಬ್ರಿಟನ್ನಿನ ಮನೆಗಳಲ್ಲಿ ಈ ವಿಧಾನ ಬಳಕೆಗೆ ಬಂದದ್ದು ಡಬ್ಬಿಯಲ್ಲಿ ಸಿಗುವ ಮೆತ್ತನೆಯ ಮಾರ್ಗರಿನ್ ಜೊತೆ. ಫ್ರಿಜ್‌ನಿಂದ ತೆಗೆದ ತಕ್ಷಣವೇ ಮಾರ್ಗರಿನ್ ಎಲ್ಲದರ ಜೊತೆ ಬೆರೆಯುತ್ತೆ, ಬೆಣ್ಣೆಯ ಹಾಗೆ ಮೆತ್ತಗಾಗಲಿ ಅಂತ ಕಾಯಬೇಕಿಲ್ಲ.

ಸಕ್ಕರೆ ಹೇಗೆ ಗಾಳಿ ತುಂಬುತ್ತೆ?

ಸಕ್ಕರೆ ಕಾಳಿನ ಮೂಲೆಗಳು ಚೂಪಾಗಿರುತ್ತವೆ. ಬೀಟರ್ ತಿರುಗಿದಾಗ ಆ ಕಾಳುಗಳು ಬೆಣ್ಣೆಯೊಳಗೆ ಉಜ್ಜಿಕೊಂಡು ಹೋಗುತ್ತವೆ, ಜೊತೆಗೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತವೆ. ಬೆಣ್ಣೆ ಹದವಾಗಿದ್ದರೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ಬೆಣ್ಣೆಯಲ್ಲಿ ನೀರು ಇರುವುದು ನೂರಕ್ಕೆ ಸುಮಾರು 16 ಭಾಗ ಮಾತ್ರ, ಹಾಗಾಗಿ ಸಕ್ಕರೆ ಪೂರ್ತಿ ಕರಗುವುದಿಲ್ಲ. ಚೆನ್ನಾಗಿ ಕ್ರೀಮ್ ಆದ ಮೇಲೂ ಬೆರಳಲ್ಲಿ ಉಜ್ಜಿದರೆ ಸ್ವಲ್ಪ ತರಿ ಸಿಗುತ್ತೆ. "ಸಕ್ಕರೆ ಕರಗುವವರೆಗೂ ಬೀಟ್ ಮಾಡಿ" ಅನ್ನುವ ಮಾತನ್ನು ನಂಬಿ ಅರ್ಧ ಗಂಟೆ ಒದ್ದಾಡಬೇಡಿ.

ನಮ್ಮ ಅಂಗಡಿ ಸಕ್ಕರೆಯ ಕಾಳು ದೊಡ್ಡದು. ಅದನ್ನು ಹಾಗೇ ಹಾಕಿದರೆ ಕಾಳುಗಳ ಎಣಿಕೆ ಕಮ್ಮಿ, ಗುಳ್ಳೆಯೂ ಕಮ್ಮಿ. ಮಿಕ್ಸಿಯಲ್ಲಿ ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ. ಚಿರೋಟಿ ರವೆಯ ಹದಕ್ಕೆ ಬಂದರೆ ಕ್ರೀಮಿಂಗ್‌ಗೆ ಸರಿ. ಮೈದಾ ಥರ ನುಣ್ಣಗೆ ಮಾಡಿಬಿಟ್ಟರೆ ಚೂಪು ಹೋಗುತ್ತೆ, ಗಾಳಿ ಸರಿಯಾಗಿ ಸೇರುವುದಿಲ್ಲ. ಆಲ್-ಇನ್-ಒನ್‌ಗೆ ಮಾತ್ರ ಇನ್ನೂ ನುಣ್ಣಗಿದ್ದರೆ ಒಳ್ಳೆಯದು. ಅಲ್ಲಿ ಎರಡೇ ನಿಮಿಷದಲ್ಲಿ ಅದು ಬೆರೆಯಬೇಕು. ದಪ್ಪ ಸಕ್ಕರೆ ಹಾಕಿದರೆ ಕೇಕಿನ ಮೇಲ್ಮೈಯಲ್ಲಿ ಕಂದು ಚುಕ್ಕೆಗಳು ಬೀಳುತ್ತವೆ.

ನೀವೇ ಎರಡನ್ನೂ ಮಾಡಿ ಹೋಲಿಸಿ ನೋಡಿದ್ದೀರಾ?

ನೋಡಿದ್ದೇನೆ. ಒಂದು ಡಿಸೆಂಬರ್ ಬೆಳಿಗ್ಗೆ, ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ. ಒಳಗಿನ ಬಿಸಿ ಸುಮಾರು 22 ಡಿಗ್ರಿ ಇತ್ತು, ಬೆಣ್ಣೆ ಕೇಕಿಗೆ ಹೇಳಿ ಮಾಡಿಸಿದ ಹವೆ.

ವಿಕ್ಟೋರಿಯಾ ಸ್ಪಂಜ್‌ನ ಹಳೆಯ ಲೆಕ್ಕವನ್ನೇ ಹಿಡಿದೆ. ಮೂರು ಮೊಟ್ಟೆಯನ್ನು ಚಿಪ್ಪಿನ ಸಮೇತ ತೂಗಿದೆ, 160 ಗ್ರಾಂ ಬಂತು. ಹಾಗಾಗಿ ಬೆಣ್ಣೆ 160, ಸಕ್ಕರೆ 160, ಮೈದಾ 160 ಗ್ರಾಂ. ಹದಕ್ಕೆ ಎರಡು ದೊಡ್ಡ ಚಮಚ ಹಾಲು. ಕ್ರೀಮಿಂಗ್ ಕೇಕಿಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಆಲ್-ಇನ್-ಒನ್‌ಗೆ ಎರಡು. ಏಳು ಇಂಚಿನ ದುಂಡು ಟಿನ್, ಓಟಿಜಿಯಲ್ಲಿ 170 ಡಿಗ್ರಿ, ಸುಮಾರು 40 ನಿಮಿಷ. ಓಟಿಜಿಯಲ್ಲಿ ಒಂದೇ ಟಿನ್ ಹಿಡಿಸೋದು. ಅದಕ್ಕೆ ಮೊದಲನೆಯದು ಹೊರಗೆ ಬಂದ ಮೇಲೇ ಎರಡನೆಯದನ್ನು ಕಲಸಿದೆ. ಮೊದಲೇ ಕಲಸಿ ಹಾಗೇ ಇಟ್ಟಿದ್ದರೆ ಬೇಕಿಂಗ್ ಪೌಡರ್ ಟಿನ್‌ನಲ್ಲೇ ಅರ್ಧ ಕೆಲಸ ಮುಗಿಸಿಬಿಡುತ್ತಿತ್ತು, ಹೋಲಿಕೆಯೇ ಸುಳ್ಳಾಗುತ್ತಿತ್ತು.

ಗಾಳಿ ಎಷ್ಟು ಸೇರಿದೆ ಅಂತ ತಿಳಿಯೋಕೆ ಒಂದು ಸುಲಭದ ದಾರಿ ಇದೆ. ಸ್ಟೀಲಿನ ಸಣ್ಣ ಬಟ್ಟಲು ತಗೊಳ್ಳಿ, ಅಂಚಿನವರೆಗೂ ನೀರು ತುಂಬಿ ತೂಗಿ. ನನ್ನ ಬಟ್ಟಲಲ್ಲಿ ಸರಿಯಾಗಿ 100 ಗ್ರಾಂ ನೀರು ಹಿಡಿಯುತ್ತೆ. ಅದೇ ಬಟ್ಟಲಿಗೆ ಕ್ರೀಮಿಂಗ್ ಹಿಟ್ಟು ತುಂಬಿ ಅಂಚು ಸಮ ಮಾಡಿ ತೂಗಿದರೆ 83 ಗ್ರಾಂ. ಆಲ್-ಇನ್-ಒನ್ ಹಿಟ್ಟು 94. ಹಗುರ ಇದ್ದಷ್ಟೂ ಗಾಳಿ ಜಾಸ್ತಿ. ಇದಾದ ಮೇಲೆ ಕೇಕ್ ಹೇಗೆ ಬರುತ್ತೆ ಅಂತ ಓವನ್‌ಗೆ ಇಡುವ ಮೊದಲೇ ಗೊತ್ತಾಗಿತ್ತು.

ಆರಿದ ಮೇಲೆ ಕ್ರೀಮಿಂಗ್ ಕೇಕ್ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ ಇತ್ತು. ಚಾಕು ಹಾಕಿದಾಗ ತುದಿಯಲ್ಲಿ ಒಂದಷ್ಟು ಪುಡಿ ಉದುರಿತು. ಒಳಗಿನ ತೂತುಗಳು ಬಿಡಿಬಿಡಿಯಾಗಿ ಕಣ್ಣಿಗೆ ಕಾಣುವಂತಿದ್ದವು. ಬೆರಳಿಂದ ಒತ್ತಿ ಬಿಟ್ಟರೆ ತಕ್ಷಣ ಮೇಲೆ ಬರುತ್ತಿತ್ತು. ಆಲ್-ಇನ್-ಒನ್ ಕೇಕಿನ ಒಳಮೈ ನುಣುಪು. ತೂತು ಸಣ್ಣವು, ಒಂದೇ ಅಳತೆ. ಚಾಕು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ಪುಡಿ ಉದುರಲಿಲ್ಲ. ಬಾಯಲ್ಲಿ ಸ್ವಲ್ಪ ಒತ್ತು, ಸ್ವಲ್ಪ ಹಸಿಹಸಿ ಅನಿಸುವ ಮೆದು. ನನ್ನ ಮಗನಿಗೆ ಎರಡನೆಯದೇ ಇಷ್ಟವಾಯಿತು. ನನಗೆ ಟೀ ಜೊತೆ ಮೊದಲನೆಯದು.

ಅದೇ ಸಾಮಾನಿಗೆ ಒಳಮೈ ಬೇರೆ ಆಗೋದು ಯಾಕೆ? ಬರೀ ಗಾಳಿ ಕಾರಣವಾ?

ಮುಖ್ಯ ಕಾರಣ ಗಾಳಿಯೇ. ಆದರೆ ಮೈದಾ ಯಾವಾಗ ಒದ್ದೆಯಾಗುತ್ತೆ ಅನ್ನುವುದೂ ಲೆಕ್ಕಕ್ಕೆ ಬರುತ್ತೆ.

ಮೈದಾಕ್ಕೆ ನೀರು ಸೇರಿ ಉಜ್ಜಾಟವಾದರೆ ಗ್ಲೂಟನ್ ಎಳೆ ಬೆಳೆಯುತ್ತೆ. ಚಪಾತಿಗೆ ಅದು ಬೇಕು, ಕೇಕಿಗೆ ತೀರಾ ಬೇಡ. ಕ್ರೀಮಿಂಗ್‌ನಲ್ಲಿ ಮೈದಾ ಕೊನೆಗೆ ಬರುತ್ತೆ, ಅದನ್ನು ಬೀಟ್ ಮಾಡದೆ ಮಗುಚುವುದರಿಂದ ಎಳೆ ಬೆಳೆಯಲು ಅವಕಾಶ ಕಮ್ಮಿ. ಆಲ್-ಇನ್-ಒನ್‌ನಲ್ಲಿ ಮೈದಾ ಮೊದಲಿನಿಂದಲೂ ಬೀಟರ್ ಕೆಳಗೇ ಇರುತ್ತೆ. ಆದರೂ ಕೇಕ್ ರಬ್ಬರ್ ಆಗುವುದಿಲ್ಲ. ಮೆತ್ತನೆಯ ಬೆಣ್ಣೆ ಮೈದಾದ ಒಂದು ಪಾಲಿನ ಮೇಲೆ ಸವರಿಕೊಂಡು ಮೊಟ್ಟೆ, ಹಾಲಿನ ನೀರು ಅದಕ್ಕೆ ತಗಲದ ಹಾಗೆ ತಡೆಯುತ್ತೆ. ಸಕ್ಕರೆಯೂ ಆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತೆ.

ಈ ರಕ್ಷಣೆಗೂ ಮಿತಿ ಇದೆ. ಬೀಟರ್ ಹಿಡಿದು ಐದಾರು ನಿಮಿಷ ನಿಂತುಬಿಟ್ಟರೆ ಹಿಟ್ಟು ಹೊಳಪಾಗಿ ಎಳೆ ಎಳೆಯಾಗಿ ಇಳಿಯೋಕೆ ಶುರುವಾಗುತ್ತೆ. ಆ ಕೇಕನ್ನು ಕತ್ತರಿಸಿದರೆ ಕೆಳಗಿನಿಂದ ಮೇಲಕ್ಕೆ ಸುರಂಗದ ಥರ ಉದ್ದ ತೂತುಗಳು ಕಾಣುತ್ತವೆ, ತಿನ್ನುವಾಗ ಜಗಿಯಬೇಕಾಗುತ್ತೆ. ಕ್ರೀಮಿಂಗ್ ಕೇಕಿನಲ್ಲೂ ಮೈದಾ ಹಾಕಿದ ಮೇಲೆ ಬೀಟರ್ ಓಡಿಸಿದರೆ ಇದೇ ಗತಿ.

ಕ್ರೀಮಿಂಗ್ ಸರಿಯಾಗಿ ಆಗಿದೆ ಅಂತ ಹೇಗೆ ತಿಳಿಯೋದು?

ಬೆಣ್ಣೆಯ ಹದದಿಂದ ಶುರು ಮಾಡಿ. 18ರಿಂದ 20 ಡಿಗ್ರಿ ಇರಬೇಕು. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಎಣ್ಣೆ ಹೊಳಪು ಹತ್ತಬಾರದು. ಮಧ್ಯಮ ವೇಗದಲ್ಲಿ ಹ್ಯಾಂಡ್ ಬೀಟರ್ ಆದರೆ ಐದಾರು ನಿಮಿಷ ಸಾಕು. ಮರದ ಚಮಚ ಆದರೆ ಹದಿನೈದು ನಿಮಿಷ, ಜೊತೆಗೆ ಸಹಾಯಕ್ಕೆ ಇನ್ನೊಂದು ಕೈ. ಮಧ್ಯೆ ಮಧ್ಯೆ ಬೋಗುಣಿಯ ಬದಿ ಕೆರೆದು ಒಳಗೆ ತಳ್ಳುತ್ತಿರಿ.

ಬಣ್ಣ ಹಳದಿಯಿಂದ ದಂತದ ಬಿಳುಪಿಗೆ ತಿರುಗಬೇಕು. ನಮ್ಮ ಪ್ಯಾಕೆಟ್ ಬೆಣ್ಣೆ ಮೊದಲೇ ಗಾಢ ಹಳದಿ ಆದ್ದರಿಂದ ಪೂರ್ತಿ ಬಿಳಿ ಆಗಲ್ಲ, ಮೊದಲಿನ ಬಣ್ಣದ ಜೊತೆ ಹೋಲಿಸಿ ನೋಡಿ. ಒಂದು ಚಿಟಿಕೆ ಬೆಣ್ಣೆಯನ್ನು ತಟ್ಟೆಯ ಅಂಚಿಗೆ ಹಚ್ಚಿ ಇಟ್ಟುಕೊಂಡರೆ ಸುಲಭ. ಗಾತ್ರ ಕಣ್ಣಿಗೆ ಕಾಣುವಷ್ಟು ಹೆಚ್ಚಿರಬೇಕು. ಬೀಟರ್ ಎತ್ತಿದರೆ ಅದರ ಗೆರೆಗಳು ಅಳಿಸದೆ ಹಾಗೇ ನಿಲ್ಲಬೇಕು. ಉಪ್ಪಿನ ಬೆಣ್ಣೆ ಹಾಕಿದ್ದರೆ ಮತ್ತೆ ಉಪ್ಪು ಹಾಕಬೇಡಿ.

ಮೊಟ್ಟೆ ಹಾಕಿದ ಕೂಡಲೇ ಒಡೆದ ಹಾಲಿನ ಥರ ಆಯ್ತು. ಕೆಟ್ಟಿತಾ?

ಕೆಡಲಿಲ್ಲ, ಆದರೆ ನಷ್ಟ ಆಗಿದೆ. ಮೊಟ್ಟೆಯಲ್ಲಿ ನೀರೇ ಜಾಸ್ತಿ. ಬೆಣ್ಣೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಮಾತ್ರ ಹಿಡಿದುಕೊಳ್ಳಬಲ್ಲದು. ಒಮ್ಮೆಲೇ ಸುರಿದರೆ ಅಥವಾ ಫ್ರಿಜ್‌ನಿಂದ ತೆಗೆದ ತಣ್ಣನೆ ಮೊಟ್ಟೆ ಹಾಕಿದರೆ, ಬೆಣ್ಣೆ ಗಟ್ಟಿಯಾಗಿ ಸಣ್ಣ ತುಣುಕುಗಳಾಗುತ್ತೆ, ನೀರು ಬೇರೆಯಾಗುತ್ತೆ. ಅಷ್ಟು ಹೊತ್ತು ಕೂಡಿಟ್ಟ ಗಾಳಿಯೂ ಒಂದಿಷ್ಟು ಹೊರಟುಹೋಗುತ್ತೆ. ಹಾಗೇ ಬೇಯಿಸಿದರೆ ಕೇಕಿನ ಒಳಮೈ ಒರಟಾಗುತ್ತೆ, ಎತ್ತರ ಕಮ್ಮಿ.

ತಕ್ಷಣ ಮಾಡಬೇಕಾದ್ದು ಎರಡು. ಅಳೆದಿಟ್ಟ ಮೈದಾದಿಂದಲೇ ಒಂದು ದೊಡ್ಡ ಚಮಚ ಹಾಕಿ ಬೀಟ್ ಮಾಡಿ. ಅದು ಬೇರೆಯಾದ ನೀರನ್ನು ಹೀರಿಕೊಳ್ಳುತ್ತೆ. ಬೋಗುಣಿ ಮುಟ್ಟಿದರೆ ತಣ್ಣಗಿದೆ ಅನಿಸಿದರೆ ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ಸೆಕೆಂಡ್ ಇಟ್ಟು ಮತ್ತೆ ಬೀಟ್ ಮಾಡಿ. ಮುಂದಿನ ಸಲಕ್ಕೆ, ಮೊಟ್ಟೆಗಳನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಟ್ಟು ತೆಗೆಯಿರಿ, ಒಡೆದು ಲೋಟದಲ್ಲಿ ಕಲಸಿಟ್ಟುಕೊಂಡು ಒಂದೊಂದೇ ದೊಡ್ಡ ಚಮಚ ಸುರಿಯಿರಿ. ಆಲ್-ಇನ್-ಒನ್‌ನಲ್ಲಿ ಮೊದಲಿನಿಂದಲೂ ಮೈದಾ ಇರುವುದರಿಂದ ಈ ತೊಂದರೆ ಕಾಣುವುದೇ ಅಪರೂಪ. ಹೊಸಬರಿಗೆ ಆ ವಿಧಾನ ಹೇಳೋಕೆ ನನ್ನ ಮುಖ್ಯ ಕಾರಣ ಇದೇ.

ನಾವು ಕರಾವಳಿಯವರು. ಬೆಣ್ಣೆ ಹೊರಗೆ ಇಟ್ಟ ಹದಿನೈದು ನಿಮಿಷಕ್ಕೇ ಕರಗಿಹೋಗುತ್ತೆ. ಏನು ಮಾಡೋದು?

ಈ ಪ್ರಶ್ನೆ ನನಗೆ ಹತ್ತಿರದ್ದು. ನಮ್ಮ ಅತ್ತೆ ಮನೆ ಮಂಗಳೂರು. ಮದುವೆಯಾದ ಮೊದಲ ಮೇ ತಿಂಗಳು ಅಲ್ಲಿ ನಾನು ಕ್ರೀಮಿಂಗ್ ಮಾಡೋಕೆ ನಿಂತೆ. ಅಡುಗೆಮನೆ 32 ಡಿಗ್ರಿ. ಬೀಟರ್ ತಿರುಗಿದಷ್ಟೂ ಬೆಣ್ಣೆ ಹೊಳೆಯುತ್ತಾ ತೆಳ್ಳಗಾಯಿತು, ಬಿಳುಪಾಗಲೇ ಇಲ್ಲ. ಅತ್ತೆ ಹಿಂದಿನಿಂದ ನೋಡಿ, "ಇದು ಕೇಕಿನ ಹಿಟ್ಟೋ, ದೋಸೆ ಹಿಟ್ಟೋ ಮಾರಾಯ್ತಿ?" ಅಂದರು. ಕೇಕ್ ನಡುವೆ ಕುಸಿದು, ತಳದಲ್ಲಿ ಎಣ್ಣೆ ಗೆರೆ ಬಿಟ್ಟಿತ್ತು.

ಆಗಿದ್ದು ಇಷ್ಟೇ. ಬೆಣ್ಣೆಯಲ್ಲಿ ಗಟ್ಟಿ ಕೊಬ್ಬಿನ ಹರಳು ಮತ್ತು ದ್ರವ ಕೊಬ್ಬು ಎರಡೂ ಇರುತ್ತೆ. ಗಾಳಿಯನ್ನು ಹಿಡಿದಿಡುವುದು ಆ ಹರಳುಗಳು. ಬಿಸಿ ಜಾಸ್ತಿಯಾದರೆ ಅವು ಕರಗುತ್ತವೆ, ಗುಳ್ಳೆ ನಿಲ್ಲೋಕೆ ಗೋಡೆಯೇ ಇರುವುದಿಲ್ಲ. ಬೀಟರ್ ಉಜ್ಜಾಟದಿಂದಲೂ ಬಿಸಿ ಏರುತ್ತೆ, ಅದನ್ನು ಜನ ಮರೆಯುತ್ತಾರೆ.

ಹಟ ಹಿಡಿದು ಕ್ರೀಮಿಂಗೇ ಮಾಡಬೇಕು ಅಂದರೆ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಐದೇ ನಿಮಿಷ ಹೊರಗಿಡಿ. ಬೋಗುಣಿಯನ್ನು ಐಸ್ ಹಾಕಿದ ನೀರಿನ ಪಾತ್ರೆಯ ಮೇಲೆ ಇಟ್ಟು ಬೀಟ್ ಮಾಡಿ. ಮಿಶ್ರಣ ಹೊಳೆಯೋಕೆ ಶುರುವಾದರೆ ನಿಲ್ಲಿಸಿ, ಐದು ನಿಮಿಷ ಫ್ರಿಜ್‌ನಲ್ಲಿಟ್ಟು ಮುಂದುವರಿಸಿ. ಬೆಳಿಗ್ಗೆ ಆರಕ್ಕೆ ಮಾಡಿದರೆ ಇನ್ನೂ ಒಳ್ಳೆಯದು.

ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು, ಕಾರವಾರದ ಕಡೆ ಇರುವವರಿಗೆ ನಾನು ಆಲ್-ಇನ್-ಒನ್ ಮಾಡಿ ಅಂತಲೇ ಹೇಳುತ್ತೇನೆ. ಅದಕ್ಕೆ ಬೇಕಾದ ಮೆತ್ತನೆಯ ಬೆಣ್ಣೆ ಅಲ್ಲಿ ತಾನಾಗಿ ಆಗುತ್ತೆ. ಎಣ್ಣೆಯಾಗಿ ತೇಲುವಷ್ಟು ಮಾತ್ರ ಬಿಡಬೇಡಿ. ಕರಗಿದ ಬೆಣ್ಣೆ ಎರಡೂ ವಿಧಾನಕ್ಕೆ ಬರುವುದಿಲ್ಲ. ಆ ಬೇಸಿಗೆಯ ನಂತರ ಅತ್ತೆ ಮನೆಯಲ್ಲಿ ನಾನು ಕ್ರೀಮಿಂಗ್ ಮಾಡಿಲ್ಲ.

ಆಲ್-ಇನ್-ಒನ್‌ಗೆ ಬೇಕಿಂಗ್ ಪೌಡರ್ ಜಾಸ್ತಿ ಯಾಕೆ? ಇನ್ನೂ ಜಾಸ್ತಿ ಹಾಕಿದರೆ ಇನ್ನೂ ಉಬ್ಬುತ್ತಾ?

ಬೀಟ್ ಮಾಡಿ ಸೇರಿದ ಗಾಳಿ ಕಮ್ಮಿ ಇರುವುದರಿಂದ ಇರುವ ಗುಳ್ಳೆಯನ್ನೇ ಜಾಸ್ತಿ ಊದಿಸಬೇಕು, ಅದಕ್ಕೆ. ಮೇಲಿನ ಅಳತೆಗೆ ಅರ್ಧ ಟೀ ಚಮಚ ಹೆಚ್ಚು ಸಾಕು. ಮೂರು ಚಮಚ ಹಾಕಿದರೆ ಕೇಕ್ ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಅತಿಯಾಗಿ ಊದಿ ಒಡೆದು ಒಂದಕ್ಕೊಂದು ಸೇರುತ್ತವೆ. ಓವನ್‌ನಲ್ಲಿ ಗೋಪುರ ಎದ್ದ ಹಾಗೆ ಎದ್ದು ನಡುವೆ ಕುಸಿಯುತ್ತೆ. ನಾಲಿಗೆಯ ಹಿಂಭಾಗದಲ್ಲಿ ಸಾಬೂನಿನಂಥ ಒಗರೂ ಉಳಿಯುತ್ತೆ.

ಕ್ರೀಮಿಂಗ್ ಜಾಸ್ತಿ ಆಗೋ ಸಾಧ್ಯತೆ ಇದೆಯಾ?

ಇದೆ, ಅದರಲ್ಲೂ ಕ್ರಿಸ್ಮಸ್ಸಿಗೆ ಮಾಡುವ ಹಣ್ಣಿನ ಕೇಕಿನಲ್ಲಿ. ಒಣದ್ರಾಕ್ಷಿ, ಚೆರ್ರಿ, ಟೂಟಿ ಫ್ರೂಟಿ ತುಂಬಿದ ಕೇಕಿಗೆ ಅತಿ ಹಗುರ ಹಿಟ್ಟು ಬೇಡ. ಹಿಟ್ಟಿನಲ್ಲಿ ಗಾಳಿ ಜಾಸ್ತಿಯಾದರೆ ಹಣ್ಣು ತಳಕ್ಕೆ ಇಳಿಯುತ್ತೆ, ಕತ್ತರಿಸುವಾಗ ಪುಡಿಪುಡಿಯಾಗುತ್ತೆ. ಅಂಥ ಕೇಕಿಗೆ ಬೆಣ್ಣೆ-ಸಕ್ಕರೆ ಮೆತ್ತಗೆ ಬೆರೆತು ಬಣ್ಣ ಒಂಚೂರು ತಿಳಿಯಾದರೆ ಸಾಕು, ಎರಡು ಮೂರು ನಿಮಿಷ. ಆಲ್-ಇನ್-ಒನ್ ಕೂಡ ಚೆನ್ನಾಗಿ ಒಪ್ಪುತ್ತೆ, ಒಳಮೈ ಒತ್ತಾಗಿರುವುದರಿಂದ ಹಣ್ಣನ್ನು ಹಿಡಿದಿಡುತ್ತೆ.

ತುಪ್ಪ ಅಥವಾ ಮನೆಯ ಬೆಣ್ಣೆ ಹಾಕಬಹುದಾ?

ತುಪ್ಪದಲ್ಲಿ ಕ್ರೀಮಿಂಗ್ ಕೈಗೂಡುವುದಿಲ್ಲ. ಅದರ ಹರಳು ದಪ್ಪ, ಗಾಳಿ ನಿಲ್ಲುವುದಿಲ್ಲ. ನೀರಿನ ಅಂಶವೂ ಇಲ್ಲ. ಮನೆಯ ಬೆಣ್ಣೆ ಹಾಕಬಹುದು, ಆದರೆ ಅದರಲ್ಲಿ ಮಜ್ಜಿಗೆ ಎಷ್ಟು ಉಳಿದಿದೆ ಅನ್ನುವುದು ಪ್ರತಿ ಸಲ ಬೇರೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಹಿಂಡಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ತೂಗಿ. ಇದನ್ನು ಮಾಡದಿದ್ದರೆ ಹಿಟ್ಟು ಒಡೆಯೋದು ಖಂಡಿತ.

ಮೊಟ್ಟೆ ಇಲ್ಲದ ಕೇಕಿಗೂ ಇದೇ ಲೆಕ್ಕವಾ?

ಇಲ್ಲ. ಕಂಡೆನ್ಸ್ಡ್ ಮಿಲ್ಕ್ ಹಾಕುವ ಕೇಕನ್ನೇ ತಗೊಳ್ಳಿ. ಅದರಲ್ಲಿ ಸಕ್ಕರೆ ಆಗಲೇ ಕರಗಿರುತ್ತೆ. ಬೆಣ್ಣೆಯೊಳಗೆ ಗಾಳಿ ಎಳೆಯೋಕೆ ಚೂಪು ಕಾಳು ಎಲ್ಲಿದೆ? ಎಷ್ಟು ಬೀಟ್ ಮಾಡಿದರೂ ಅದು ಬಹುಪಾಲು ಬೆರೆಸುವ ಕೆಲಸವೇ. ಅಲ್ಲಿ ಉಬ್ಬಿಸುವುದು ಸೋಡಾ, ಬೇಕಿಂಗ್ ಪೌಡರ್. ಹಾಗಾಗಿ ಆ ಕೇಕಿಗೆ ಅರ್ಧ ಗಂಟೆ ಬೀಟ್ ಮಾಡಿದ್ದೇನೆ ಅಂತ ಯಾರಾದರೂ ಹೇಳಿದರೆ ಪಾಪ ಅನಿಸುತ್ತೆ.

ಮೈದಾ ಮತ್ತು ಬೆಣ್ಣೆಯನ್ನು ಮೊದಲು ಉಜ್ಜಿ, ಆಮೇಲೆ ಹಾಲು-ಮೊಟ್ಟೆ ಹಾಕೋದು ಆಲ್-ಇನ್-ಒನ್ ಅಲ್ವಾ?

ಅಲ್ಲ, ಅದು ರಿವರ್ಸ್ ಕ್ರೀಮಿಂಗ್. ಅಲ್ಲಿ ಮೈದಾಕ್ಕೆ ಬೆಣ್ಣೆ ಪೂರ್ತಿ ಸವರಿದ ಮೇಲೆ ನೀರಿನಂಶ ಬರುತ್ತೆ. ಕೇಕಿನ ಮೇಲ್ಭಾಗ ಸಪಾಟಾಗಿ, ಒಳಮೈ ತುಂಬಾ ನುಣುಪಾಗಿ ಬರುತ್ತೆ.

ಮಿಕ್ಸಿ ಜಾರಿನಲ್ಲಿ ಮಾಡಿದರೆ ಆಗುತ್ತಾ?

ಕ್ರೀಮಿಂಗ್ ಆಗಲ್ಲ. ಬ್ಲೇಡ್ ಕತ್ತರಿಸುತ್ತೆ, ಗಾಳಿ ತುಂಬುವುದಿಲ್ಲ, ಮೇಲೆ ಬಿಸಿ ಬೇರೆ. ಆಲ್-ಇನ್-ಒನ್ ಆದರೆ ದೊಡ್ಡ ಜಾರಿನಲ್ಲಿ ಪಲ್ಸ್ ಒತ್ತಿ ಒತ್ತಿ ಮಾಡಬಹುದು. ನಾಲ್ಕೈದು ಸಲ ಒತ್ತಿ, ಬದಿ ಕೆರೆದು, ಮತ್ತೆ ಎರಡು ಸಲ. ಹಿಟ್ಟು ಏಕವಾಗಿ ಕಂಡ ಕೂಡಲೇ ನಿಲ್ಲಿಸಿ. ಎತ್ತರ ಸ್ವಲ್ಪ ಕಮ್ಮಿ ಬರುತ್ತೆ. ಮತ್ತೆ ಒಗ್ಗರಣೆ ಚಟ್ನಿ ಅರೆದ ಜಾರು ಬೇಡ. ಆ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ, ವೆನಿಲಾ ಕೇಕಿನಲ್ಲಿ ಇಂಗಿನ ಘಮ ಎರಡು ದಿನ ಇತ್ತು.